ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳಬಹುದಾ? ಅಂಚು, ಅಕ್ಷರ, ತಡ ಮೂರನ್ನೂ ನೋಡಿ ಆರಿಸಿ

ನನ್ನ ಕೆಲಸ ಕರಡು ತಿದ್ದುವುದು. ದಿನಕ್ಕೆ ಏಳೆಂಟು ಗಂಟೆ ಕನ್ನಡ ಅಕ್ಷರಗಳನ್ನೇ ನೋಡುತ್ತಾ ಕೂತಿರುತ್ತೇನೆ. ದ ಇದೆಯೋ ಧ ಇದೆಯೋ, ಕೊಂಬು ಬಿಟ್ಟುಹೋಗಿದೆಯೋ, ಒತ್ತಿನ ಕೆಳಗೆ ಇನ್ನೊಂದು ಒತ್ತು ಸರಿಯಾಗಿ ಕೂತಿದೆಯೋ, ಇದೇ ಹುಡುಕಾಟ. ಲ್ಯಾಪ್‌ಟಾಪಿನ 14 ಇಂಚಿನ ಪರದೆಯಲ್ಲಿ ಕಣ್ಣು ಸೋಲತೊಡಗಿತು. ಒಳಕೋಣೆಯಲ್ಲಿ 32 ಇಂಚಿನ ಟಿವಿ ಸುಮ್ನೆ ಕೂತಿತ್ತು. ಒಂದು ಎಚ್‌ಡಿಎಂಐ ಕೇಬಲ್ ತಂದು ಸಿಕ್ಕಿಸಿದರೆ ದೊಡ್ಡ ಮಾನಿಟರ್ ಸಿಕ್ಕ ಹಾಗೇ ಅಲ್ವಾ ಅಂದುಕೊಂಡೆ.

ಸಿಕ್ಕಿಸಿದೆ. ಕೆಳಗಿನ ಟಾಸ್ಕ್‌ಬಾರ್ ಅರ್ಧಕ್ಕಿಂತ ಜಾಸ್ತಿ ಕಾಣಲೇ ಇಲ್ಲ. ಅಕ್ಷರಗಳು ಒದ್ದೆ ಕಾಗದದ ಮೇಲೆ ಬರೆದ ಹಾಗೆ ಹರಡಿಕೊಂಡಿದ್ದವು. ಮೌಸ್ ಎಳೆದರೆ ಬಾಣದ ಗುರುತು ಕೈಗಿಂತ ಹಿಂದೆ ಹಿಂದೆ ಬರುತ್ತಿತ್ತು. ಮೂರೂ ತೊಂದರೆ ಒಟ್ಟಿಗೇ ಬಂದಿದ್ದರಿಂದ ಟಿವಿಯೇ ಕೆಟ್ಟಿದೆ ಅನ್ನಿಸಿತು. ಕೆಟ್ಟಿರಲಿಲ್ಲ. ಅವು ಮೂರೂ ಬೇರೆ ಬೇರೆ ಕಾರಣಕ್ಕೆ ಬರುವ ತೊಂದರೆಗಳು. ಎರಡನ್ನು ಮೆನುವಿನಲ್ಲೇ ಸರಿ ಮಾಡಬಹುದಿತ್ತು, ಒಂದನ್ನು ಆ ಟಿವಿಯಲ್ಲಿ ಯಾವ ಕಾಲಕ್ಕೂ ಆಗುತ್ತಿರಲಿಲ್ಲ. ಯಾವುದು ಯಾವುದು ಅಂತ ಗೊತ್ತಾಗಲು ನನಗೆ ಬಹಳ ದಿನ ಹಿಡಿಯಿತು. ಆಮೇಲೆ ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡಲು 43 ಇಂಚಿನ 4ಕೆ ಟಿವಿ ತಗೊಂಡ. ಅದನ್ನು ಹದಕ್ಕೆ ತರಲು ಒಂದೇ ಸಂಜೆ ಸಾಕಾಯಿತು.

ಇಲ್ಲಿ ಹೋಲಿಸುವುದು ಹೆಚ್ಚಿನ ಮನೆಗಳಲ್ಲಿ ಎದುರಾಗುವ ಆಯ್ಕೆಗಳನ್ನೇ. ಮನೆಯಲ್ಲಿ ಈಗಾಗಲೇ ಇರುವ 32 ಇಂಚಿನ ಟಿವಿ, ಹೊಸದಾಗಿ ತರುವ 43 ಇಂಚಿನ 4ಕೆ ಟಿವಿ, ಇಲ್ಲವೇ 24 ಅಥವಾ 27 ಇಂಚಿನ ಮಾನಿಟರ್.

ಮೊದಲು ಚುಕ್ಕಿಯ ಲೆಕ್ಕ

ಪರದೆ ಎಷ್ಟು ಇಂಚು ಅನ್ನುವುದಕ್ಕಿಂತ ಅದರ ಒಂದೊಂದು ಪಿಕ್ಸೆಲ್, ಅಂದರೆ ಒಂದೊಂದು ಚುಕ್ಕಿ, ಎಷ್ಟು ದೊಡ್ಡದು ಅನ್ನುವುದು ಓದುವವರಿಗೆ ಮುಖ್ಯ. 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿ. ಒಂದು ಚುಕ್ಕಿಯ ಅಗಲ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ. ಅದೇ 32 ಇಂಚು ಫುಲ್ ಎಚ್‌ಡಿ ಆಗಿದ್ದರೆ ಚುಕ್ಕಿ 0.37 ಮಿಲಿಮೀಟರ್. 43 ಇಂಚಿನ 4ಕೆ ಟಿವಿಯಲ್ಲಿ 0.25 ಮಿಲಿಮೀಟರ್. ಆಫೀಸುಗಳಲ್ಲಿ ಕಾಣುವ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ 0.28. ಅಂದರೆ 43 ಇಂಚಿನ 4ಕೆ ಟಿವಿಯ ಚುಕ್ಕಿ ಆಫೀಸಿನ ಮಾನಿಟರಿನ ಚುಕ್ಕಿಗಿಂತ ಚಿಕ್ಕದು. ತಮ್ಮನಿಗೆ ಇದನ್ನು ಹೇಳಿದಾಗ ಅವನು ನಂಬಲಿಲ್ಲ, ಕ್ಯಾಲ್ಕುಲೇಟರ್ ತೆಗೆದು ತಾನೇ ಲೆಕ್ಕ ಹಾಕಿದ.

ಈ ಅಳತೆಯಿಂದ ಎಷ್ಟು ದೂರ ಕೂರಬೇಕು ಅನ್ನುವುದನ್ನೂ ಅಂದಾಜು ಮಾಡಬಹುದು. ಚೆನ್ನಾಗಿರುವ ಕಣ್ಣಿಗೆ ಚುಕ್ಕಿಗಳು ಬೇರೆ ಬೇರೆಯಾಗಿ ಕಾಣುವುದು ನಿಲ್ಲುವುದು ಚುಕ್ಕಿಯ ಅಗಲದ ಸುಮಾರು 3,400 ಪಟ್ಟು ದೂರದಲ್ಲಿ. 43 ಇಂಚಿನ 4ಕೆಗೆ ಅದು ಸುಮಾರು 85 ಸೆಂಟಿಮೀಟರ್. 32 ಇಂಚಿನ ಫುಲ್ ಎಚ್‌ಡಿಗೆ ನಾಲ್ಕಡಿ ದಾಟುತ್ತದೆ. 32 ಇಂಚಿನ ಎಚ್‌ಡಿ ರೆಡಿಗೆ ಹತ್ತಿರ ಹತ್ತಿರ ಆರಡಿ. ಮೇಜಿನ ಮುಂದೆ ಕೂತವರ ಕಣ್ಣಿಗೂ ಪರದೆಗೂ ನಡುವೆ ಇರುವುದು ಎರಡರಿಂದ ಎರಡೂವರೆ ಅಡಿ. ನನ್ನ ಹಳೇ ಟಿವಿಯಲ್ಲಿ ಅಕ್ಷರಗಳು ಕಾಳು ಕಾಳಾಗಿ ಕಂಡಿದ್ದಕ್ಕೆ ಇದು ಮೊದಲನೇ ಕಾರಣ. ಯಾವ ಸೆಟ್ಟಿಂಗ್ ತಿರುಗಿಸಿದರೂ ಇದು ಹೋಗುವುದಿಲ್ಲ.

ಅಂಚು ಕತ್ತರಿಸುವುದು: ಓವರ್‌ಸ್ಕ್ಯಾನ್

ಹಿಂದೆ ಮನೆಗಳಲ್ಲಿ ದಪ್ಪ ಟಿವಿ ಇತ್ತಲ್ಲ, ಅದರ ಕೆಳಗೆ ಒಂದು ಸ್ಟೆಬಿಲೈಸರ್ ಇರುತ್ತಿತ್ತು. ವೋಲ್ಟೇಜ್ ಇಳಿದರೆ ಚಿತ್ರ ಸುತ್ತಲೂ ಕುಗ್ಗಿ ಕಪ್ಪು ಅಂಚು ಕಾಣುತ್ತಿತ್ತು. ಹಾಗೆ ಕಾಣಬಾರದು ಅಂತ ತಯಾರಕರು ಚಿತ್ರವನ್ನು ಮೊದಲೇ ಸ್ವಲ್ಪ ದೊಡ್ಡದು ಮಾಡಿ, ಅಂಚು ಚೌಕಟ್ಟಿನ ಹಿಂದೆ ಅಡಗುವಂತೆ ಇಡುತ್ತಿದ್ದರು. ಸಿನಿಮಾಕ್ಕೋ ವಾರ್ತೆಗೋ ಅಂಚಿನಲ್ಲಿ ಎರಡು ಬೆರಳಗಲ ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗಿನ ಚಪ್ಪಟೆ ಟಿವಿಗೆ ಈ ಏರ್ಪಾಡು ಬೇಕಿಲ್ಲ. ಆದರೂ ಎಷ್ಟೋ ಟಿವಿಗಳಲ್ಲಿ ಹಳೇ ರೂಢಿ ಹಾಗೇ ಉಳಿದುಬಂದಿದೆ.

ಕಂಪ್ಯೂಟರಿಗೆ ಇದು ಎಷ್ಟು ಕಾಟ ಕೊಡುತ್ತದೆ ನೋಡಿ. ಟಿವಿ ಒಂದೊಂದು ಬದಿಯಲ್ಲೂ ನೂರಕ್ಕೆ ಎರಡೂವರೆಯಷ್ಟು ಕತ್ತರಿಸುತ್ತದೆ ಅಂತಿಟ್ಟುಕೊಳ್ಳಿ. ಕಂಪ್ಯೂಟರ್ ಕಳಿಸಿದ್ದು 1920×1080. ಎಡಬಲಕ್ಕೆ 48 ಚುಕ್ಕಿ, ಮೇಲೆ ಕೆಳಗೆ 27 ಚುಕ್ಕಿ ಹೋಯಿತು. ವಿಂಡೋಸ್ 10ರ ಟಾಸ್ಕ್‌ಬಾರಿನ ಎತ್ತರ 40 ಚುಕ್ಕಿ. ಅದರಲ್ಲಿ 27 ಹೋದರೆ ಉಳಿಯುವುದು 13. ನನಗೆ ಗಡಿಯಾರದ ತಲೆ ಮಾತ್ರ ಕಾಣುತ್ತಿದ್ದದ್ದು ಇದಕ್ಕೇ.

ಅಂಚು ಹೋಗುವುದು ಅರ್ಧ ತೊಂದರೆ ಅಷ್ಟೇ. ಉಳಿದ 1824×1026 ಚುಕ್ಕಿಗಳ ಚಿತ್ರವನ್ನು ಟಿವಿ ಹಿಗ್ಗಿಸಿ ಮತ್ತೆ 1920×1080ಕ್ಕೆ ಹರಡುತ್ತದೆ. ಆಗ ಕಂಪ್ಯೂಟರಿನ ಒಂದು ಚುಕ್ಕಿ ಪರದೆಯ ಒಂದು ಚುಕ್ಕಿಯ ಮೇಲೆ ನೇರವಾಗಿ ಕೂರುವುದಿಲ್ಲ, ಅಕ್ಕಪಕ್ಕದ ಎರಡಕ್ಕೂ ಹಂಚಿಹೋಗುತ್ತದೆ. ಓವರ್‌ಸ್ಕ್ಯಾನ್ ಇದ್ದರೆ ಅಕ್ಷರವೂ ಮಸುಕಾಗುವುದು ಹೀಗೆ.

ಇದನ್ನು ಟಿವಿಯಲ್ಲೇ ಸರಿ ಮಾಡಬೇಕು. ಚಿತ್ರದ ಅಳತೆಯ ಮೆನುವಿನಲ್ಲಿ ಹುಡುಕಿ. ಎಲ್‌ಜಿಯಲ್ಲಿ `Just Scan`, ಸ್ಯಾಮ್‌ಸಂಗ್‌ನಲ್ಲಿ `Fit to Screen` ಅಥವಾ ಹಳೆಯದರಲ್ಲಿ `Screen Fit`, ಸೋನಿಯಲ್ಲಿ `Display Area` ಒಳಗೆ `Full Pixel`. ಬೇರೆ ಕಂಪನಿಗಳಲ್ಲಿ `Dot by Dot`, `1:1` ಅಥವಾ ನೇರವಾಗಿ `Overscan` ಅಂತಲೇ ಇರುತ್ತದೆ. `Overscan` ಅಂತಿದ್ದರೆ ಅದನ್ನು `Off` ಮಾಡಬೇಕು, ಉಳಿದ ಹೆಸರುಗಳಿದ್ದರೆ ಅದನ್ನೇ ಆಯ್ದುಕೊಳ್ಳಬೇಕು. ಈ ಸೆಟ್ಟಿಂಗ್ ಒಂದೊಂದು ಎಚ್‌ಡಿಎಂಐ ಕಿಂಡಿಗೂ ಬೇರೆ ಬೇರೆ ಇರಬಹುದು. ಕೇಬಲ್ ಬೇರೆ ಕಿಂಡಿಗೆ ಹಾಕಿದರೆ ಮತ್ತೆ ನೋಡಿಕೊಳ್ಳಿ.

ನಾನು ಮಾಡಿದ ತಪ್ಪು ಬೇರೆ. ಕಂಪ್ಯೂಟರಿನ ಕಡೆಯಿಂದ ಸರಿ ಮಾಡಲು ಹೋದೆ. ಎಎಂಡಿ ತಂತ್ರಾಂಶದಲ್ಲಿ `HDMI Scaling` ಅನ್ನುವ ಜಾರುಪಟ್ಟಿ ಇದೆ, ಎನ್ವಿಡಿಯಾದಲ್ಲಿ `Resize desktop` ಇದೆ. ಅದನ್ನು ಎಳೆದರೆ ಟಾಸ್ಕ್‌ಬಾರ್ ಪೂರ್ತಿ ಕಾಣುತ್ತದೆ, ಸರಿಹೋಯಿತು ಅನ್ನಿಸುತ್ತದೆ. ಆದರೆ ಆಗ ಕಂಪ್ಯೂಟರ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಟಿವಿ ಅದನ್ನೇ ಮತ್ತೆ ಹಿಗ್ಗಿಸುತ್ತದೆ. ಅಕ್ಷರ ಎರಡು ಸಲ ಹಿಂಡಿಸಿಕೊಂಡು ಬರುತ್ತದೆ. ಟಿವಿಯಲ್ಲಿ ಓವರ್‌ಸ್ಕ್ಯಾನ್ ತೆಗೆಯುವ ದಾರಿಯೇ ಇಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ ಈ ಜಾರುಪಟ್ಟಿಗೆ ಕೈ ಹಾಕಿ. ಅಂಥ ಟಿವಿಯನ್ನು ಓದುವ ಕೆಲಸಕ್ಕೆ ಬಳಸಬೇಡಿ ಅಂತಲೇ ನಾನು ಹೇಳುತ್ತೇನೆ.

ಎಚ್‌ಡಿ ರೆಡಿ ಟಿವಿಯ ಬಿಡಿಸಲಾಗದ ಗಂಟು

ಓವರ್‌ಸ್ಕ್ಯಾನ್ ತೆಗೆದ ಮೇಲೂ ನನ್ನ 32 ಇಂಚಿನಲ್ಲಿ ಅಕ್ಷರ ನೆಟ್ಟಗಾಗಲಿಲ್ಲ. ಅದರ ಪರದೆಯಲ್ಲಿರುವುದು 1366×768 ಚುಕ್ಕಿ. ಆದರೆ ಎಚ್‌ಡಿಎಂಐ ಮೂಲಕ ಅದು ಒಪ್ಪುತ್ತಿದ್ದದ್ದು 1280×720 ಅಥವಾ 1920×1080 ಮಾತ್ರ. ತನ್ನದೇ ಪರದೆಯ ಅಳತೆ ಅದರ ಪಟ್ಟಿಯಲ್ಲೇ ಇರಲಿಲ್ಲ. ಏನು ಕಳಿಸಿದರೂ ಅದು ಹಿಗ್ಗಿಸಬೇಕು ಇಲ್ಲವೇ ಕುಗ್ಗಿಸಬೇಕು. 1920ನ್ನು 1366ಕ್ಕೆ ಇಳಿಸುವುದೆಂದರೆ ಹದಿನಾಲ್ಕು ಚುಕ್ಕಿಯ ರಂಗೋಲಿಯನ್ನು ಹತ್ತೇ ಚುಕ್ಕಿ ಇಟ್ಟು ಹಾಕಿ ಅಂದ ಹಾಗೆ. ಎಳೆಗಳು ಎಲ್ಲೋ ಒಂದು ಕಡೆ ಕೂಡಿಕೊಳ್ಳಲೇಬೇಕು.

ಕನ್ನಡದಲ್ಲಿ ಇದರ ಪೆಟ್ಟು ಜಾಸ್ತಿ. ದ, ಧ, ಥ ಮೂರಕ್ಕೂ ಮೈ ಒಂದೇ. ಕೆಳಗಿನ ಒಂದು ಸೀಳು, ಹೊಟ್ಟೆಯೊಳಗಿನ ಒಂದು ಚುಕ್ಕೆ, ಅಷ್ಟೇ ವ್ಯತ್ಯಾಸ. ಪ, ಫ, ಷ ಕೂಡ ಹಾಗೇ. ಆ ಸೀಳು ಚಿಕ್ಕ ಅಕ್ಷರದಲ್ಲಿ ಒಂದೇ ಚುಕ್ಕಿಯಷ್ಟು ಅಗಲ ಇರುತ್ತದೆ. ಟಿವಿ ಕುಗ್ಗಿಸುವಾಗ ಅದು ಪಕ್ಕದ್ದರ ಜೊತೆ ಬೆರೆತು ಬೂದಿ ಬಣ್ಣದ ಕಲೆಯಾಗುತ್ತದೆ. "ರಾಷ್ಟ್ರೀಯ" ಅನ್ನುವ ಪದದಲ್ಲಿ ಷ ಕೆಳಗೆ ಟ ಒತ್ತು, ಅದರ ಪಕ್ಕ ರ ಒತ್ತು. ನನ್ನ ಟಿವಿಯಲ್ಲಿ ಆ ಎರಡು ಒತ್ತು ಸೇರಿ ಒಂದು ಮುದ್ದೆಯಾಗಿದ್ದವು. ಒಂದು ಸಂಜೆ ಪೂರ್ತಿ ಕೂತು ತಿದ್ದಿದ ಹದಿನಾರು ಪುಟಗಳನ್ನು ಮರುದಿನ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮಹಾಪ್ರಾಣದ ನಾಲ್ಕು ತಪ್ಪು ಹಾಗೇ ಉಳಿದಿದ್ದವು. ಅವತ್ತೇ ಆ ಕೇಬಲ್ ಬಿಚ್ಚಿಟ್ಟೆ.

ಕೆಲವು ಎಚ್‌ಡಿ ರೆಡಿ ಟಿವಿಗಳು 1366×768ನ್ನೋ 1360×768ನ್ನೋ ಒಪ್ಪುವುದುಂಟು. ಹಳೆಯವುಗಳಲ್ಲಿ ವಿಜಿಎ ಕಿಂಡಿ ಇದ್ದರೆ ಅದರ ಮೂಲಕ ಒಪ್ಪುವ ಸಾಧ್ಯತೆ ಜಾಸ್ತಿ. ನಿಮ್ಮದು ಒಪ್ಪಿದರೆ ಅಕ್ಷರ ದಪ್ಪವಾಗಿ, ಆದರೆ ಚೊಕ್ಕವಾಗಿ ಕಾಣುತ್ತದೆ. ವಿಂಡೋಸ್‌ನ ಡಿಸ್‌ಪ್ಲೇ ಪಟ್ಟಿಯಲ್ಲಿ ಆ ಅಳತೆ ಇದೆಯಾ ಅಂತ ಒಮ್ಮೆ ನೋಡಿಬಿಡಿ.

ಬಣ್ಣ ಕದಡುವುದು

ಈಗ ತಮ್ಮನ ಟಿವಿಗೆ ಬರೋಣ. 43 ಇಂಚು, 3840×2160, ಚುಕ್ಕಿ ಚಿಕ್ಕದು, ಓವರ್‌ಸ್ಕ್ಯಾನ್ ಮೊದಲೇ ಇರಲಿಲ್ಲ. ಕಪ್ಪು ಅಕ್ಷರ ಪರವಾಗಿಲ್ಲ ಅನ್ನುವ ಹಾಗಿತ್ತು. ಆದರೆ ಅವನ ಎಕ್ಸೆಲ್ ಹಾಳೆಯಲ್ಲಿ ಬಾಕಿ ಮೊತ್ತಗಳು ಕೆಂಪು ಅಂಕಿಯಲ್ಲಿರುತ್ತವೆ. ಆ ಕೆಂಪು ಅಂಕಿಗಳು ಮಾತ್ರ ಕುಂಕುಮ ಉದುರಿದ ಹಾಗೆ ಸುತ್ತ ಹರಡಿಕೊಂಡಿದ್ದವು. "ಅಣ್ಣಾ, 3 ಯಾವುದು 8 ಯಾವುದು ಗೊತ್ತಾಗ್ತಿಲ್ಲ" ಅಂತ ಫೋನ್ ಮಾಡಿದ.

ಕಾರಣ ಇದು. ವಿಡಿಯೊವನ್ನು ಕಳಿಸುವಾಗ ಜಾಗ ಉಳಿಸಲು ಬೆಳಕಿನ ಮಾಹಿತಿಯನ್ನು ಪ್ರತಿ ಚುಕ್ಕಿಗೂ ಕಳಿಸಿ, ಬಣ್ಣದ ಮಾಹಿತಿಯನ್ನು ನಾಲ್ಕು ಚುಕ್ಕಿಗೆ ಒಂದರಂತೆ ಕಳಿಸುತ್ತಾರೆ. ಇದಕ್ಕೆ 4:2:0 ಅನ್ನುತ್ತಾರೆ. ಎರಡು ಚುಕ್ಕಿಗೆ ಒಂದು ಬಣ್ಣವಾದರೆ 4:2:2. ಪ್ರತಿ ಚುಕ್ಕಿಗೂ ಅದರದೇ ಬಣ್ಣ ಇದ್ದರೆ 4:4:4. ಸಿನಿಮಾ ನೋಡುವಾಗ 4:2:0 ಕಣ್ಣಿಗೆ ಗೊತ್ತಾಗುವುದಿಲ್ಲ, ಯಾಕಂದ್ರೆ ನಮ್ಮ ಕಣ್ಣು ಬೆಳಕನ್ನು ಹಿಡಿಯುವಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಹಿಡಿಯುವುದಿಲ್ಲ. ಸಣ್ಣ ಅಕ್ಷರದಲ್ಲಿ ಹಾಗಲ್ಲ. ಕೆಂಪು ಗೆರೆಯ ಬಣ್ಣ ಪಕ್ಕದ ಬಿಳಿ ಚುಕ್ಕಿಗೂ ಮೆತ್ತಿಕೊಳ್ಳುತ್ತದೆ. ಕಪ್ಪು ಅಕ್ಷರವೂ ಪೂರ್ತಿ ಪಾರಾಗುವುದಿಲ್ಲ. ವಿಂಡೋಸ್ ಅಕ್ಷರದ ಅಂಚನ್ನು ನಯ ಮಾಡಲು ಕ್ಲಿಯರ್‌ಟೈಪ್ ಅನ್ನುವ ವಿಧಾನದಲ್ಲಿ ಅಂಚಿಗೆ ಸಣ್ಣದಾಗಿ ಬಣ್ಣ ಬೆರೆಸುತ್ತದೆ, ಅದೂ ಕದಡುತ್ತದೆ.

4ಕೆ ಚಿತ್ರವನ್ನು ಸೆಕೆಂಡಿಗೆ 60 ಸಲ, ಬಣ್ಣ ಪೂರ್ತಿ ಇಟ್ಟು ಕಳಿಸಲು ಎಚ್‌ಡಿಎಂಐ 2.0 ಬೇಕು. ಅದರ ಸಾಗಣೆ ಸೆಕೆಂಡಿಗೆ 18 ಗಿಗಾಬಿಟ್. ಹಿಂದಿನ 1.4ರಲ್ಲಿ 10.2 ಮಾತ್ರ. ಅದರಲ್ಲಿ ಪೂರ್ತಿ ಬಣ್ಣ ಬೇಕೆಂದರೆ ಸೆಕೆಂಡಿಗೆ 30 ಸಲಕ್ಕೆ ಇಳಿಯಬೇಕು. 30ರಲ್ಲಿ ಮೌಸ್ ಗುರುತು ಕುಂಟುತ್ತಾ ಓಡುತ್ತದೆ. 60 ಬೇಕೆಂದರೆ ಬಣ್ಣ ಬಿಡಬೇಕು. ತಮ್ಮನ ಲ್ಯಾಪ್‌ಟಾಪಿನಲ್ಲಿ 2.0 ಇತ್ತು, ಟಿವಿಯಲ್ಲೂ ಇತ್ತು. ಆದರೂ ಯಾಕೆ ಹೀಗೆ? ಹಳೇ ಸೆಟ್‌ಟಾಪ್ ಬಾಕ್ಸುಗಳಿಗೆ ತೊಂದರೆ ಆಗದಿರಲಿ ಅಂತ ಎಷ್ಟೋ ಟಿವಿಗಳು ಕಿಂಡಿಯನ್ನು ಮೊದಲಿಗೆ ಕಡಿಮೆ ಸಾಗಣೆಯಲ್ಲೇ ಇಟ್ಟಿರುತ್ತವೆ. ನಾವೇ ಮೆನುವಿಗೆ ಹೋಗಿ ತೆರೆಯಬೇಕು. ಎಲ್‌ಜಿಯಲ್ಲಿ ಅದರ ಹೆಸರು `HDMI Ultra HD Deep Colour`, ಸ್ಯಾಮ್‌ಸಂಗ್‌ನಲ್ಲಿ `Input Signal Plus`, ಸೋನಿಯಲ್ಲಿ `HDMI signal format` ಒಳಗೆ `Enhanced format`. ಕೆಲವು ಟಿವಿಗಳಲ್ಲಿ ಎಲ್ಲ ಕಿಂಡಿಗೂ ಈ ಶಕ್ತಿ ಇರುವುದಿಲ್ಲ. ಯಾವ ಕಿಂಡಿಗೆ ಇದೆ ಅಂತ ಹಿಂಬದಿಯ ಬರಹ ನೋಡಿ.

ಅದನ್ನು ತೆರೆದ ಮೇಲೂ ಅಂಕಿಗಳು ಪೂರ್ತಿ ತಿಳಿಯಾಗಲಿಲ್ಲ. ಕಂಪ್ಯೂಟರ್ ಈಗ ಬಣ್ಣ ಪೂರ್ತಿ ಕಳಿಸುತ್ತಿತ್ತು, ಟಿವಿ ಮಾತ್ರ ತನ್ನೊಳಗೆ ಅದನ್ನು ಸಿನಿಮಾದ ಹಾಗೆ ಸಂಸ್ಕರಿಸುತ್ತಾ ಮತ್ತೆ ಬಣ್ಣ ಇಳಿಸುತ್ತಿತ್ತು. ಟಿವಿಗೆ "ಇದು ಕಂಪ್ಯೂಟರ್" ಅಂತ ಹೇಳಬೇಕು. ಎಲ್‌ಜಿ, ಸ್ಯಾಮ್‌ಸಂಗ್‌ಗಳಲ್ಲಿ ಆ ಇನ್‌ಪುಟ್‌ನ ಹೆಸರನ್ನು ಅಥವಾ ಗುರುತನ್ನು `PC` ಅಂತ ಬದಲಿಸಬೇಕು. ಸೋನಿಯಲ್ಲಿ ಪಿಕ್ಚರ್ ಮೋಡನ್ನು `Graphics` ಅಥವಾ `Game` ಮಾಡಬೇಕು. ಹೆಸರು ಬದಲಿಸುವುದು ಬರೀ ಅಲಂಕಾರ ಅನ್ನಿಸುತ್ತದೆ. ಆದರೆ ತಮ್ಮ ಅದನ್ನು ಮಾಡಿದ ಕೂಡಲೇ, ಫೋನಿನಲ್ಲಿ ಮಾತಾಡುತ್ತಿರುವಾಗಲೇ, "ಹೋ" ಅಂದ. ಕೆಂಪು 3 ಮತ್ತು 8 ಬೇರೆ ಬೇರೆಯಾಗಿದ್ದವು.

ಇನ್ನೊಂದು ಸಣ್ಣ ವಿಷಯ, `Sharpness`. ಇದನ್ನು ಏರಿಸಿದರೆ ಅಕ್ಷರ ಚೂಪಾಗುತ್ತದೆ ಅಂದುಕೊಳ್ಳುತ್ತೇವೆ. ಟಿವಿ ಮಾಡುವುದು ಅಕ್ಷರದ ಸುತ್ತ ಬಿಳಿ ಅಂಚು ಬಳಿಯುವುದು. ಹತ್ತಿರದಿಂದ ನೋಡಿದರೆ ಅಕ್ಷರಕ್ಕೆ ಪ್ರಭಾವಳಿ ಬಂದ ಹಾಗೆ ಕಾಣುತ್ತದೆ. ಆ ಅಂಚು ಮಾಯವಾಗುವ ತನಕ ಇಳಿಸಿ. ಹೆಚ್ಚಿನ ಟಿವಿಗಳಲ್ಲಿ ಅದು ಸೊನ್ನೆ ಅಥವಾ ಅದರ ಹತ್ತಿರ, ಸೋನಿಯಲ್ಲಿ 50.

ಒಎಲ್‌ಇಡಿ ಟಿವಿಗಳ ಕಥೆ ಬೇರೆ. ಅವುಗಳ ಚುಕ್ಕಿಯೊಳಗೆ ಕೆಂಪು, ಹಸಿರು, ನೀಲಿ ಕೂತಿರುವ ಕ್ರಮ ಮಾನಿಟರಿನ ಹಾಗಿರುವುದಿಲ್ಲ. 4:4:4 ಇದ್ದರೂ ಅಕ್ಷರದ ಅಂಚಿನಲ್ಲಿ ಬಣ್ಣ ಇಣುಕಬಹುದು. ಟಾಸ್ಕ್‌ಬಾರಿನಂತೆ ಅಲುಗಾಡದೆ ನಿಂತ ಚಿತ್ರ ವರ್ಷಗಟ್ಟಲೆ ಇದ್ದರೆ ಪರದೆಯಲ್ಲಿ ಅದರ ನೆರಳು ಉಳಿಯುವ ಭಯವೂ ಇದೆ. ದಿನವಿಡೀ ಓದುವವರಿಗೆ ಅದನ್ನು ನಾನು ಹೇಳುವುದಿಲ್ಲ.

ಒಂದು ಚಿಕ್ಕ ಪರೀಕ್ಷೆ

ಅಂಚು, ಚುಕ್ಕಿ, ಬಣ್ಣ ಮೂರನ್ನೂ ಒಂದೇ ಸಲ ನೋಡಲು ಈ ಸಾಲುಗಳನ್ನು ನೋಟ್‌ಪ್ಯಾಡಿನಲ್ಲಿ ಹಾಕಿ `test.html` ಅಂತ ಉಳಿಸಿಕೊಳ್ಳಿ.

```html
<meta charset="utf-8">
<body style="margin:0;height:100vh;box-sizing:border-box;
border:1px solid red;
background:repeating-linear-gradient(90deg,#000 0 1px,#fff 1px 2px)">
<p style="margin:30vh auto;width:14em;background:#00f;color:#f00;
font-size:16px">ರಾಷ್ಟ್ರೀಯ ಸ್ವಾತಂತ್ರ್ಯ 3 8 6</p>
```

ವಿಂಡೋಸ್‌ನಲ್ಲಿ ಟಿವಿಯ `Scale` 100% ಇರಲಿ, ಬ್ರೌಸರಿನ ಜೂಮ್ ಕೂಡ 100% ಇರಲಿ. ಫೈಲನ್ನು ತೆರೆದು F11 ಒತ್ತಿ. ಸುತ್ತ ನಾಲ್ಕೂ ಕಡೆ ಒಂದು ಚುಕ್ಕಿಯ ಕೆಂಪು ಗೆರೆ ಕಂಡರೆ ಓವರ್‌ಸ್ಕ್ಯಾನ್ ಇಲ್ಲ. ಹಿನ್ನೆಲೆಯಲ್ಲಿ ಕಪ್ಪು ಬಿಳಿ ಗೆರೆಗಳು ಬಾಚಣಿಗೆ ಹಲ್ಲಿನಂತೆ ಒಂದೇ ಸಮ ಇದ್ದರೆ, ದೂರ ನಿಂತಾಗ ಸಮವಾದ ಬೂದಿ ಬಣ್ಣ ಕಂಡರೆ, ಚುಕ್ಕಿಗೆ ಚುಕ್ಕಿ ಸರಿಯಾಗಿ ಕೂತಿದೆ. ರೇಷ್ಮೆ ಸೀರೆಯ ಮಡಿಕೆಯ ಹಾಗೆ ಅಗಲವಾದ ಪಟ್ಟೆಗಳು ತೇಲಿದರೆ ಟಿವಿ ಎಲ್ಲೋ ಹಿಗ್ಗಿಸುತ್ತಿದೆ ಇಲ್ಲವೇ ಕುಗ್ಗಿಸುತ್ತಿದೆ. ನಡುವಿನ ನೀಲಿ ಪಟ್ಟಿಯ ಮೇಲಿನ ಕೆಂಪು ಅಕ್ಷರ ಚೊಕ್ಕವಾಗಿ ಕಂಡರೆ 4:4:4 ಸಿಕ್ಕಿದೆ. ಹಿನ್ನೆಲೆಯ ಗೆರೆಗಳು ಸರಿಯಿದ್ದು ಈ ಅಕ್ಷರ ಮಾತ್ರ ಕದಡಿದ್ದರೆ ತೊಂದರೆ ಬಣ್ಣದ್ದೇ.

ಟಿವಿ ಇನ್ನೂ ಕೊಂಡಿಲ್ಲ ಅಂದರೆ ಲ್ಯಾಪ್‌ಟಾಪ್, ಕೇಬಲ್ ಎರಡನ್ನೂ ಅಂಗಡಿಗೇ ತಗೊಂಡು ಹೋಗಿ ಇದನ್ನು ತೆರೆದು ನೋಡಿ. ಡಬ್ಬದ ಮೇಲೆ 4:4:4 ಬಗ್ಗೆ ಬರೆದಿರುವುದು ಅಪರೂಪ. ಅಂಗಡಿಯ ಹುಡುಗರನ್ನು ಕೇಳಿದರೆ ಅವರಿಗೂ ಗೊತ್ತಿರುವುದು ಕಡಿಮೆ. ಆದರೆ ಕೇಬಲ್ ಹಾಕಲು ಬೇಡ ಅನ್ನುವುದಿಲ್ಲ.

ಕೈಗೂ ಕಣ್ಣಿಗೂ ನಡುವಿನ ತಡ

ಟಿವಿ ಬಂದ ಚಿತ್ರವನ್ನು ಬಂದ ಹಾಗೇ ತೋರಿಸುವುದಿಲ್ಲ. ಕೆಲವು ಚಿತ್ರಗಳನ್ನು ಹಿಡಿದಿಟ್ಟುಕೊಂಡು, ಒಂದಕ್ಕೊಂದು ಹೋಲಿಸಿ, ಕಾಳು ತೆಗೆದು, ಚಲನೆ ನಯ ಮಾಡಿ ಆಮೇಲೆ ತೋರಿಸುತ್ತದೆ. ಸಿನಿಮಾಕ್ಕೆ ಇದರಿಂದ ನಷ್ಟವಿಲ್ಲ. ಧ್ವನಿಯನ್ನೂ ಅಷ್ಟೇ ತಡ ಮಾಡಿದರಾಯಿತು. ಕಂಪ್ಯೂಟರಿನಲ್ಲಿ ನಮ್ಮ ಕೈ ಇದೆ. ಕೈಯನ್ನು ಯಾರೂ ತಡ ಮಾಡಲಾಗುವುದಿಲ್ಲ. ಮೌಸ್ ಅಲುಗಿಸಿದ ಮೇಲೆ ಪರದೆಯಲ್ಲಿ ಅದು ಕಾಣಲು ಹಿಡಿಯುವ ಈ ಹೊತ್ತೇ ಇನ್‌ಪುಟ್ ಲ್ಯಾಗ್.

ಸೆಕೆಂಡಿಗೆ 60 ಚಿತ್ರ ಅಂದರೆ ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. ಒಳ್ಳೇ ಮಾನಿಟರಿನಲ್ಲಿ ತಡ ಒಂದು ಚಿತ್ರದ ಹೊತ್ತಿನೊಳಗೇ ಮುಗಿಯುತ್ತದೆ. ಸಿನಿಮಾ ಮೋಡಿನಲ್ಲಿರುವ ಟಿವಿ ನೂರು ಮಿಲಿಸೆಕೆಂಡ್ ತಡ ಮಾಡಿದರೆ ಅದು ಆರು ಚಿತ್ರದಷ್ಟು ಹಿಂದೆ. ಆಗ ಬಾಣದ ಗುರುತಿಗೆ ರಬ್ಬರ್ ದಾರ ಕಟ್ಟಿದ ಹಾಗೆ ಅನ್ನಿಸುತ್ತದೆ. ಗುಂಡಿಯ ಮೇಲೆ ನಿಲ್ಲಿಸಿದೆ ಅಂದುಕೊಂಡಿರುತ್ತೀರಿ, ಅದು ದಾಟಿ ಹೋಗಿರುತ್ತದೆ. ಟೈಪ್ ಮಾಡುವಾಗ ಒತ್ತಿದ ಅಕ್ಷರ ಬಿದ್ದಿಲ್ಲ ಅಂತ ಇನ್ನೊಮ್ಮೆ ಒತ್ತುತ್ತೀರಿ, ಎರಡು ಬೀಳುತ್ತವೆ.

ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ವಿಂಡೋಸ್ ಕೀ ಜೊತೆ P ಒತ್ತಿ `Duplicate` ಆರಿಸಿ. ಲ್ಯಾಪ್‌ಟಾಪ್, ಟಿವಿ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ. ಮಿಲಿಸೆಕೆಂಡ್ ತೋರಿಸುವ ಯಾವುದಾದರೂ ಸ್ಟಾಪ್‌ವಾಚ್ ತೆರೆದು ಓಡಿಸಿ. ಲ್ಯಾಪ್‌ಟಾಪನ್ನು ಟಿವಿಯ ಪಕ್ಕ ಹಿಡಿದು, ಎರಡೂ ಬರುವಂತೆ ಫೋನಿನಲ್ಲಿ ಫೋಟೊ ತೆಗೆಯಿರಿ. ತಮ್ಮ ಕಳಿಸಿದ ಒಂದು ಫೋಟೊದಲ್ಲಿ ಲ್ಯಾಪ್‌ಟಾಪಿನಲ್ಲಿ 7.412, ಟಿವಿಯಲ್ಲಿ 7.304 ಇತ್ತು. ಅಂದರೆ ಲ್ಯಾಪ್‌ಟಾಪಿಗಿಂತ ಟಿವಿ 108 ಮಿಲಿಸೆಕೆಂಡ್ ಹಿಂದೆ. ಪರದೆ ಬದಲಾಗುವುದೇ 17 ಮಿಲಿಸೆಕೆಂಡಿಗೆ ಒಮ್ಮೆ, ಹಾಗಾಗಿ ಒಂದೇ ಫೋಟೊ ನಂಬಬೇಡಿ. ಹತ್ತು ತೆಗೆದು ಸರಾಸರಿ ನೋಡಿ. ಅವನು ಇನ್‌ಪುಟ್ ಹೆಸರನ್ನು `PC` ಮಾಡಿ, ಗೇಮ್ ಮೋಡ್ ಹಾಕಿದ ಮೇಲೆ ಮತ್ತೆ ಹತ್ತು ತೆಗೆದ. ಹೆಚ್ಚಿನವುಗಳಲ್ಲಿ ವ್ಯತ್ಯಾಸ ಒಂದು ಚಿತ್ರದಷ್ಟೇ ಇತ್ತು, ಕೆಲವದರಲ್ಲಿ ಏನೂ ಇರಲಿಲ್ಲ.

ಗೇಮ್ ಮೋಡ್ ಅಂದರೆ ಆಟ ಆಡುವವರಿಗೆ ಮಾತ್ರ ಅಂತ ಬಿಡಬೇಡಿ. ಅದು ಈ ಸಂಸ್ಕರಣೆಯನ್ನು ತೆಗೆದುಹಾಕುವ ಗುಂಡಿ. ಕೆಲವು ಅಗ್ಗದ ಟಿವಿಗಳಲ್ಲಿ ಗೇಮ್ ಮೋಡ್ ಹಾಕಿದರೆ ತಡ ಹೋಗುತ್ತದೆ, ಆದರೆ ಬಣ್ಣ ಮತ್ತೆ ಕದಡುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಮೋಡ್ ಬದಲಿಸಿದ ಮೇಲೆ ಮೇಲಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಇನ್ನು ಕೇಬಲ್ ಇಲ್ಲದೆ ವೈಫೈ ಮೂಲಕ ಪರದೆ ಕಳಿಸುವುದನ್ನು ಕೆಲಸಕ್ಕೆ ನೆಚ್ಚಿಕೊಳ್ಳಬೇಡಿ. ಅದರ ತಡ ಇದೆಲ್ಲಕ್ಕಿಂತ ಜಾಸ್ತಿ, ಬಣ್ಣವೂ ಕದಡಿಯೇ ಬರುತ್ತದೆ.

ಯಾರಿಗೆ ಯಾವುದು

ಮನೆಯಲ್ಲಿರುವ 32 ಇಂಚಿನ ಎಚ್‌ಡಿ ರೆಡಿ ಟಿವಿಯನ್ನು ಮಕ್ಕಳ ವಿಡಿಯೊ ಪಾಠಕ್ಕೆ, ಆರಡಿ ದೂರದಿಂದ ನೋಡಲು ಧಾರಾಳವಾಗಿ ಬಳಸಿ. ಓದಿ ಬರೆಯುವ ಕೆಲಸಕ್ಕೆ ಬೇಡ. ಅದೇ ಅಳತೆಯ ಫುಲ್ ಎಚ್‌ಡಿ ಟಿವಿ, ಓವರ್‌ಸ್ಕ್ಯಾನ್ ತೆಗೆದು, `PC` ಮಾಡಿದ್ದರೆ, ಕಣ್ಣು ಮಂಜಾದ ಹಿರಿಯರಿಗೆ ನಿಜಕ್ಕೂ ಅನುಕೂಲ. ಅಕ್ಷರ ಕೊಂಚ ಒರಟು, ಆದರೆ ದೊಡ್ಡದು. ನಾಲ್ಕಡಿ ದೂರದಿಂದ ಆರಾಮವಾಗಿ ಓದಬಹುದು.

43 ಇಂಚಿನ 4ಕೆ ಟಿವಿ ಅಗಲವಾದ ಎಕ್ಸೆಲ್ ಹಾಳೆ, ಎರಡು ಮೂರು ಕಿಟಕಿ ಪಕ್ಕಪಕ್ಕ ಬೇಕಾದವರಿಗೆ ಸರಿ. ನಾಲ್ಕು ಫುಲ್ ಎಚ್‌ಡಿ ಪರದೆ ಜೋಡಿಸಿದಷ್ಟು ಜಾಗ ಅದು. ಆದರೆ ಮೇಲೆ ಹೇಳಿದ ಪರೀಕ್ಷೆಯಲ್ಲಿ ಪಾಸಾಗಬೇಕು, ಲ್ಯಾಪ್‌ಟಾಪಿನಲ್ಲೂ ಎಚ್‌ಡಿಎಂಐ 2.0 ಇರಬೇಕು. ಇಲ್ಲದಿದ್ದರೆ ಯುಎಸ್‌ಬಿ-ಸಿಯಿಂದ ಎಚ್‌ಡಿಎಂಐ 2.0 ಕೊಡುವ ಅಡಾಪ್ಟರ್ ಕೆಲಸ ಮಾಡುತ್ತದಾ ನೋಡಿಕೊಳ್ಳಿ. 55 ಇಂಚು ಮೇಜಿನ ಮೇಲೆ ಬೇಡವೇ ಬೇಡ. ಮೂಲೆಯಲ್ಲಿರುವುದನ್ನು ನೋಡಲು ಪ್ರತಿ ಸಲ ಕತ್ತು ತಿರುಗಿಸಬೇಕಾಗುತ್ತದೆ.

ನನ್ನ ಹಾಗೆ ದಿನವಿಡೀ ಅಕ್ಷರವನ್ನೇ ನೋಡುವವರು ಮಾನಿಟರಿಗೇ ಹೋಗಿ. 24 ಇಂಚಿನ ಫುಲ್ ಎಚ್‌ಡಿ ಸಾಕು, ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ 27 ಇಂಚಿನ 2560×1440. ಅದರಲ್ಲಿ ಓವರ್‌ಸ್ಕ್ಯಾನ್ ಹುಡುಕಬೇಕಿಲ್ಲ, ಹೆಸರು ಬದಲಿಸಬೇಕಿಲ್ಲ. ಲ್ಯಾಪ್‌ಟಾಪ್ ಮಲಗಿದರೆ ಅದೂ ಮಲಗುತ್ತದೆ, ಎಬ್ಬಿಸಿದರೆ ಏಳುತ್ತದೆ. ಟಿವಿಗೆ ಪ್ರತಿ ಸಲ ರಿಮೋಟ್ ಹುಡುಕಬೇಕು. ನಾನು 27 ಇಂಚಿನದು ತಗೊಂಡೆ. "ರಾಷ್ಟ್ರೀಯ"ದ ಎರಡು ಒತ್ತುಗಳ ನಡುವೆ ಈಗ ಬಿಳಿ ಜಾಗ ಕಾಣುತ್ತದೆ.

ತಮ್ಮ ಟಿವಿಯನ್ನೇ ಇಟ್ಟುಕೊಂಡ, ಖುಷಿಯಾಗಿದ್ದಾನೆ. ಒಂದು ವಾರ ಕಳೆದ ಮೇಲೆ ಕತ್ತು ನೋವು ಅಂದ. ಅವನ ಮೇಜಿನ ಆಳ ಎರಡಡಿ, ಟಿವಿಯ ಅಗಲ ಮೂರಡಿಗಿಂತ ಜಾಸ್ತಿ. ಟಿವಿಯನ್ನು ಮೇಜಿನಿಂದ ತೆಗೆದು ಹಿಂದಿನ ಗೋಡೆಗೆ ಹಾಕಿಸಿ, ಮೇಜನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದ. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಕೆಳಗಿಳಿಸಿ ಮೊಳೆ ಹೊಡೆಸಿದ್ದರಿಂದ ಟಿವಿಯ ಕೆಳಗಿನ ಸ್ವಲ್ಪ ಭಾಗ ಮೇಜಿನ ಹಿಂದೆ ಇಳಿದಿದೆ. ಈಗ ಅವನ ಕಣ್ಣಿಗೂ ಪರದೆಗೂ 90 ಸೆಂಟಿಮೀಟರ್, ಟೇಪ್ ಹಿಡಿದು ಅಳೆದು ಹೇಳಿದ.